ಹೊರಗಿನವರು ಇಟ್ಟ ಹೆಸರು

ಒಂದು ಜನಸಮುದಾಯಕ್ಕೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ಒಂದು, ಅವರು ತಮ್ಮ ನುಡಿಯಲ್ಲಿ ತಮ್ಮನ್ನು ಕರೆದುಕೊಳ್ಳುವ ಹೆಸರು. ಇನ್ನೊಂದು, ನೆರೆಯವರೋ ವ್ಯಾಪಾರಿಗಳೋ ಆಳುವವರೋ ಅವರನ್ನು ಕರೆಯುವ ಹೆಸರು. ಮೊದಲನೆಯದನ್ನು ಒಳಹೆಸರು, ಎರಡನೆಯದನ್ನು ಹೊರಹೆಸರು ಎನ್ನಬಹುದು. ಕರ್ನಾಟಕದಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಊರಿನವರು ಲಂಬಾಣಿ ಎಂದು ಕರೆಯುವ ಜನ ತಮ್ಮ ತಾಂಡಾದೊಳಗೆ ತಮ್ಮನ್ನು ‘ಗೋರ್’ ಅಥವಾ ‘ಗೋರ್‌ಮಾಟಿ’ ಎಂದುಕೊಳ್ಳುತ್ತಾರೆ, ತಮ್ಮವರಲ್ಲದವರನ್ನು ‘ಕೋರ್’ ಎನ್ನುತ್ತಾರೆ. ಹಕ್ಕಿ ಹಿಡಿಯುವವರೆಂದು ಕನ್ನಡಿಗರಿಂದ ‘ಹಕ್ಕಿಪಿಕ್ಕಿ’ ಎನಿಸಿಕೊಂಡವರ ಸ್ವಂತ ಹೆಸರು ‘ವಾಗ್ರಿ’.

ಹೊರಹೆಸರು ಹುಟ್ಟುವುದಕ್ಕೆ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಹೊಸಬರು ಒಂದು ನಾಡಿಗೆ ಕಾಲಿಟ್ಟಾಗ ಮೊದಲು ಸಿಕ್ಕವರನ್ನು ‘ಆ ಗುಡ್ಡದಾಚೆ ಇರುವವರು ಯಾರು’ ಎಂದು ಕೇಳುತ್ತಾರೆ. ಸಿಕ್ಕ ಉತ್ತರವೇ ನಕ್ಷೆಯ ಮೇಲೆ ಕೂರುತ್ತದೆ. ಹೀಗಾಗಿ ಎಷ್ಟೋ ಜನಾಂಗಗಳು ಲೋಕಕ್ಕೆ ಪರಿಚಯವಾಗಿರುವುದು ನೆರೆಯವರು ಕೊಟ್ಟ ಹೆಸರಿನಿಂದ. ಆ ನೆರೆಯವರು ಕೆಲವೊಮ್ಮೆ ಶತ್ರುಗಳೂ ಆಗಿರುತ್ತಾರೆ.

ಹೊರಹೆಸರಿನ ಅರ್ಥ ಹೀನಾಯವಾಗಿರುವುದರಿಂದಲೇ ಜನರಿಗೆ ಅದರ ಮೇಲೆ ಸಿಟ್ಟು ಎಂಬುದು ಸಾಮಾನ್ಯ ಊಹೆ. ಅರ್ಥವನ್ನಷ್ಟೇ ನೋಡಿದರೆ ಈ ಊಹೆ ನಿಲ್ಲುವುದಿಲ್ಲ. ತಮ್ಮ ನಾಡನ್ನು ‘ಡಾಯ್ಚ್‌ಲ್ಯಾಂಡ್’ ಎನ್ನುವ ಜರ್ಮನರಿಗೆ ರಷ್ಯನ್ ಭಾಷೆಯಲ್ಲಿ ‘ನೇಮೆತ್ಸ್’ ಎಂದು ಹೆಸರು. ಅದರ ಬೇರು ‘ಮೂಕ’ ಎಂಬ ಪದ, ಅಂದರೆ ಮಾತು ಬಾರದವನು. ಬ್ರಿಟನ್ನಿನ ವೆಲ್ಶ್ ಜನ ತಮ್ಮನ್ನು ‘ಕಮ್ರಿ’, ಅಂದರೆ ಒಂದೇ ನಾಡಿನವರು, ಎಂದುಕೊಳ್ಳುತ್ತಾರೆ. ‘ವೆಲ್ಶ್’ ಎಂಬುದು ಇಂಗ್ಲಿಷರ ಹಳೆಯ ನುಡಿಯಲ್ಲಿ ‘ಪರಕೀಯ’ ಎಂಬ ಅರ್ಥದ ಪದದಿಂದ ಬಂದದ್ದು. ಸ್ವಂತ ನೆಲದಲ್ಲಿಯೇ ಪರಕೀಯರೆನಿಸಿಕೊಂಡರೂ ಆ ಹೆಸರನ್ನು ಕಿತ್ತೊಗೆಯುವ ದೊಡ್ಡ ಚಳವಳಿ ಅಲ್ಲಿ ನಡೆದಿಲ್ಲ. ಜರ್ಮನರೂ ರಷ್ಯನ್ನರ ಮಾತಿಗೆ ತಲೆಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು ಕಡೆ, ಅರ್ಥ ನಿರುಪದ್ರವಿಯಾಗಿದ್ದರೂ ಜನ ತೀವ್ರವಾಗಿ ತಿರಸ್ಕರಿಸಿದ ಹೆಸರುಗಳಿವೆ. ಯಾವ ಹೆಸರು ನೋಯಿಸುತ್ತದೆ, ಯಾವುದು ನೋಯಿಸುವುದಿಲ್ಲ ಎಂಬುದನ್ನು ತಿಳಿಯಲು ‘ಎಸ್ಕಿಮೊ’ ಎಂಬ ಹೆಸರಿನ ಚರಿತ್ರೆ ಚೆನ್ನಾಗಿ ನೆರವಾಗುತ್ತದೆ.

ಉತ್ತರ ಧ್ರುವದ ಸುತ್ತ, ಗ್ರೀನ್‌ಲ್ಯಾಂಡಿನಿಂದ ಕೆನಡಾ ಮತ್ತು ಅಲಾಸ್ಕಾ ದಾಟಿ ಸೈಬೀರಿಯಾದ ಪೂರ್ವ ತುದಿಯವರೆಗೆ, ಸಂಬಂಧಿತ ನುಡಿಗಳನ್ನಾಡುವ ಜನರಿದ್ದಾರೆ. ಕೆನಡಾದವರ ಒಳಹೆಸರು ‘ಇನುಯಿಟ್’. ಅವರ ನುಡಿಯಲ್ಲಿ ‘ಇನುಕ್’ ಎಂದರೆ ಒಬ್ಬ ಮನುಷ್ಯ, ‘ಇನುಯಿಟ್’ ಎಂದರೆ ಮನುಷ್ಯರು. ಒಳಹೆಸರುಗಳಲ್ಲಿ ಈ ಬಗೆ ಬಹಳ ಸಾಮಾನ್ಯ. ತಮ್ಮೊಳಗೆ ಮಾತಾಡುವಾಗ ‘ನಾವು ಜನ’ ಎನ್ನುವುದಕ್ಕಿಂತ ಹೆಚ್ಚಿನ ಗುರುತು ಯಾರಿಗೂ ಬೇಕಾಗಿರುವುದಿಲ್ಲ.

‘ಎಸ್ಕಿಮೊ’ ಈ ಜನರ ಮಾತಲ್ಲ. ಅವರ ದಕ್ಷಿಣಕ್ಕೆ, ಲ್ಯಾಬ್ರಡಾರ್ ಮತ್ತು ಕ್ವಿಬೆಕ್‌ನ ಕಾಡುಗಳಲ್ಲಿ, ಬೇರೆಯೇ ಭಾಷಾಕುಟುಂಬಕ್ಕೆ ಸೇರಿದ ಜನರಿದ್ದಾರೆ. ಫ್ರೆಂಚರು ಅವರನ್ನು ‘ಮೊಂಟಾನ್ಯೆ’, ಅಂದರೆ ಗುಡ್ಡಗಾಡಿನವರು, ಎಂದು ಕರೆದರು. ಇದೂ ಒಂದು ಹೊರಹೆಸರೇ. ಇವರು ಉತ್ತರದ ನೆರೆಯವರನ್ನು ಕರೆಯುತ್ತಿದ್ದ ಪದ ಮೀನುಗಾರರ ಮತ್ತು ವ್ಯಾಪಾರಿಗಳ ಬಾಯಿಗೆ ಬಿದ್ದು, 16ನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಬರಹಗಳಲ್ಲಿ ಕಾಣಿಸಿಕೊಂಡಿತು. ಹೀಗೆ ಅದು ಯಾರ ಹೆಸರಾಯಿತೋ ಅವರನ್ನು ಕೇಳದೆಯೇ ನಾಲ್ಕು ದೇಶಗಳಲ್ಲಿ ಹರಡಿದ ಜನರಿಗೆಲ್ಲ ಅಂಟಿಕೊಂಡಿತು.

ಆ ಪದದ ಮೂಲಾರ್ಥದ ಬಗ್ಗೆ ಬಹುಕಾಲ ಚಾಲ್ತಿಯಲ್ಲಿದ್ದ ವಿವರಣೆ ‘ಹಸಿ ಮಾಂಸ ತಿನ್ನುವವರು’ ಎಂಬುದು. ಕ್ರೀ ಮತ್ತು ಒಜಿಬ್ವೆ ಭಾಷೆಗಳಲ್ಲಿ ಹಸಿಯಾಗಿ ತಿನ್ನುವುದಕ್ಕೆ ಸಂಬಂಧಿಸಿದ, ಕೇಳಲು ಹತ್ತಿರವಿರುವ ಪದಗಳು ಇರುವುದೇ ಇದಕ್ಕೆ ಕಾರಣ. ಆದರೆ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಭಾಷಾವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಕೂಲಂಕಷವಾಗಿ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಸ್ಮಿತ್‌ಸೋನಿಯನ್ ಸಂಸ್ಥೆಯ ಐವ್ಸ್ ಗಾಡರ್ಡ್ ಅವರ ಪ್ರಕಾರ ಅದು ಹಿಮದಲ್ಲಿ ಮೆಟ್ಟುವ ಪಾದರಕ್ಷೆಗೆ ಬಲೆ ಹೆಣೆಯುವವರನ್ನು ಸೂಚಿಸುವ ಪದ. ಕ್ವಿಬೆಕ್‌ನ ಮಾನವಶಾಸ್ತ್ರಜ್ಞೆ ಜೋಸೆ ಮೇಯೊ 1978ರಲ್ಲಿ ಮತ್ತೊಂದು ವಿವರಣೆ ಕೊಟ್ಟರು: ಬೇರೆ ನಾಡಿನ ಮಾತಾಡುವವರು. ಈ ಎರಡರಲ್ಲಿ ಯಾವುದನ್ನು ಒಪ್ಪಿದರೂ ಮೂಲಾರ್ಥದಲ್ಲಿ ಬೈಗುಳವಿಲ್ಲ.

ಇಷ್ಟು ಸಾಕಾಗಿದ್ದರೆ ಸಿಟ್ಟು ತಣಿಯಬೇಕಿತ್ತು. ತಣಿಯಲಿಲ್ಲ. ಏಕೆಂದರೆ ಇನುಯಿಟ್ ಜನರ ಅನುಭವದಲ್ಲಿ ಆ ಪದ ನಿಘಂಟಿನ ಪದವಾಗಿರಲಿಲ್ಲ. ಅದು ಸರ್ಕಾರದ ಕಡತದ ಪದವಾಗಿತ್ತು. ಆ ಕಡತ ಅವರನ್ನು ನಡೆಸಿಕೊಂಡ ಬಗೆಯನ್ನು ಎರಡು ಘಟನೆಗಳಲ್ಲಿ ಕಾಣಬಹುದು.

ಮೊದಲನೆಯದು ಒಂದು ನ್ಯಾಯಾಲಯದ ತೀರ್ಪು. 1930ರ ದಶಕದಲ್ಲಿ ಉತ್ತರ ಕ್ವಿಬೆಕ್‌ನ ಇನುಯಿಟ್ ಜನ ಹಸಿವಿನಿಂದ ಬಳಲುತ್ತಿದ್ದಾಗ ಪರಿಹಾರದ ಖರ್ಚು ಯಾರದು ಎಂಬ ಜಗಳ ಕೇಂದ್ರ ಸರ್ಕಾರಕ್ಕೂ ಪ್ರಾಂತ್ಯಕ್ಕೂ ನಡುವೆ ಎದ್ದಿತು. ಕೆನಡಾದ 1867ರ ಸಂವಿಧಾನದ ಪ್ರಕಾರ ‘ಇಂಡಿಯನ್ನರು’ ಕೇಂದ್ರದ ಹೊಣೆ. ಎಸ್ಕಿಮೊಗಳು ಇಂಡಿಯನ್ನರಾದರೆ ಕೇಂದ್ರ ಕೊಡಬೇಕು, ಅಲ್ಲವಾದರೆ ಪ್ರಾಂತ್ಯ ಕೊಡಬೇಕು. ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1867ರ ಆಸುಪಾಸಿನಲ್ಲಿ ಆ ಪದವನ್ನು ಅಧಿಕಾರಿಗಳು ಹೇಗೆ ಬಳಸುತ್ತಿದ್ದರು ಎಂದು ತಿಳಿಯಲು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಹಳೆಯ ಜನಗಣತಿಯನ್ನು ನ್ಯಾಯಾಧೀಶರು ಪರಿಶೀಲಿಸಿದರು. ಅದರಲ್ಲಿ ಎಸ್ಕಿಮೊಗಳನ್ನು ಇಂಡಿಯನ್ನರ ಪಟ್ಟಿಯಲ್ಲೇ ಎಣಿಸಲಾಗಿತ್ತು. 1939ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಸಂವಿಧಾನದ ಅರ್ಥದಲ್ಲಿ ಎಸ್ಕಿಮೊಗಳು ಇಂಡಿಯನ್ನರು.

ಇಲ್ಲಿ ಹೆಣೆದುಕೊಂಡಿರುವ ಹೆಸರುಗಳನ್ನು ಬಿಡಿಸಿ ನೋಡಬೇಕು. ‘ಇಂಡಿಯನ್’ ಎಂಬುದು ಭಾರತವನ್ನು ಹುಡುಕಿ ಹೊರಟ ನಾವಿಕರ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು. ‘ಎಸ್ಕಿಮೊ’ ನೆರೆಯವರ ಬಾಯಿಂದ ಎರವಲು ಬಂದದ್ದು. ಈ ಎರಡು ಹೊರಹೆಸರುಗಳಲ್ಲಿ ಒಂದು ಇನ್ನೊಂದರ ಒಳಗೆ ಸೇರುತ್ತದೆಯೇ ಎಂಬುದರ ಮೇಲೆ ಒಂದು ಜನಾಂಗದ ಅನ್ನದ ಹೊಣೆ ನಿರ್ಧಾರವಾಯಿತು. ಅವರ ಸ್ವಂತ ಹೆಸರಿಗೆ ಆ ವಾದದಲ್ಲಿ ಯಾವ ಬೆಲೆಯೂ ಇರಲಿಲ್ಲ. 1951ರಲ್ಲಿ ಇಂಡಿಯನ್ ಕಾಯ್ದೆಯನ್ನು ಬದಲಿಸಿದಾಗ ಎಸ್ಕಿಮೊಗಳನ್ನು ಅದರಿಂದ ಹೊರಗಿಡಲಾಯಿತು. ಹೀಗೆ ಸಂವಿಧಾನದಲ್ಲಿ ಇಂಡಿಯನ್ನರಾಗಿಯೂ ಇಂಡಿಯನ್ ಕಾಯ್ದೆಯಲ್ಲಿ ಇಂಡಿಯನ್ನರಲ್ಲದೆಯೂ ಅವರು ಉಳಿದರು.

ಎರಡನೆಯ ಘಟನೆ ಪ್ರತಿಯೊಬ್ಬ ವ್ಯಕ್ತಿಯ ಹೆಸರನ್ನೇ ಮುಟ್ಟಿತು. ಇನುಯಿಟ್ ಜನರಲ್ಲಿ ಮನೆತನದ ಹೆಸರು ಇರಲಿಲ್ಲ. ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವುದು ಅವರ ಪದ್ಧತಿ. ಹೆಸರಿನ ಜೊತೆಗೆ ಸತ್ತವರ ಸ್ವಭಾವವೂ ಸಂಬಂಧಗಳೂ ಮಗುವಿಗೆ ಬರುತ್ತವೆ ಎಂಬುದು ನಂಬಿಕೆ. ಅಜ್ಜಿಯ ಹೆಸರನ್ನು ಹೊತ್ತ ಕೂಸನ್ನು ಅದರ ತಾಯಿಯೇ ‘ಅಮ್ಮಾ’ ಎಂದು ಕರೆಯಬಹುದು. ಗಂಡು ಹೆಣ್ಣೆಂಬ ಭೇದವೂ ಹೆಸರಿಗಿರಲಿಲ್ಲ. ಅಜ್ಜನ ಹೆಸರು ಹೆಣ್ಣುಮಗುವಿಗೂ ಬರುತ್ತಿತ್ತು. ಆ ಸಮಾಜದೊಳಗೆ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ತಿಳಿಸಲು ಇದಕ್ಕಿಂತ ಸ್ಪಷ್ಟವಾದ ವ್ಯವಸ್ಥೆ ಬೇಕಿರಲಿಲ್ಲ.

ಆದರೆ ಲೆಕ್ಕ ಬರೆಯುವ ಪೊಲೀಸರಿಗೂ ವೈದ್ಯರಿಗೂ ಅದು ಒಗಟಾಯಿತು. ತಂದೆಗೂ ಮಗನಿಗೂ ಹೆಸರಿನ ನಂಟಿಲ್ಲ, ಒಂದೇ ಹೆಸರನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಲ್ಲಿ ಬರೆಯುತ್ತಾನೆ. 1941ರ ಜನಗಣತಿಯಿಂದ ಸರ್ಕಾರ ಒಂದು ದಾರಿ ಹಿಡಿಯಿತು. ಪ್ರತಿಯೊಬ್ಬರಿಗೂ ಸಂಖ್ಯೆ ಒತ್ತಿದ ಒಂದು ಸಣ್ಣ ದುಂಡು ಬಿಲ್ಲೆ ಕೊಡುವುದು, ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಅಥವಾ ಬಟ್ಟೆಗೆ ಹೊಲಿದುಕೊಳ್ಳಲು ಹೇಳುವುದು. ಬಿಲ್ಲೆಯ ಮೇಲೆ ಕಿರೀಟದ ಗುರುತು, ಸುತ್ತ ‘ಎಸ್ಕಿಮೊ ಗುರುತು, ಕೆನಡಾ’ ಎಂಬ ಅರ್ಥದ ಅಕ್ಷರಗಳು. 1945ರಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಸರ್ಕಾರಿ ಭತ್ಯೆ ಶುರುವಾದಾಗ ಆ ನಾಡನ್ನು ಪೂರ್ವ ಮತ್ತು ಪಶ್ಚಿಮದ ವಲಯಗಳಾಗಿ ವಿಂಗಡಿಸಿ ಸಂಖ್ಯೆಯ ಮುಂದೆ ವಲಯದ ಗುರುತನ್ನೂ ಸೇರಿಸಲಾಯಿತು. ಭತ್ಯೆ ಬೇಕಾದರೆ ಸಂಖ್ಯೆ ಹೇಳಬೇಕು, ಆಸ್ಪತ್ರೆಗೆ ಸೇರಿದರೆ ಸಂಖ್ಯೆ ಹೇಳಬೇಕು. ಸರ್ಕಾರದ ಕಾಗದಗಳಲ್ಲಿ ಮನುಷ್ಯನ ಹೆಸರಿಗಿಂತ ಈ ಸಂಖ್ಯೆಯೇ ನೆಚ್ಚಿಕೊಳ್ಳುವ ಗುರುತಾಯಿತು. ಇನುಕ್ ಗಾಯಕಿ ಲೂಸಿ ಇಡ್ಲೌಟ್ ತನ್ನ ಒಂದು ಆಲ್ಬಂಗೆ ತನ್ನ ತಾಯಿಯ ಬಿಲ್ಲೆಯ ಸಂಖ್ಯೆಯಾದ ‘ಇ5-770’ ಎಂಬುದನ್ನೇ ಹೆಸರಾಗಿ ಇಟ್ಟಿದ್ದಾಳೆ.

ಬಿಲ್ಲೆಗಳ ಕಾಲ ಮುಗಿಯುವ ಹೊತ್ತಿಗೂ ಹೆಸರಿನ ವ್ಯವಸ್ಥೆ ಮೊದಲಿನಂತೆ ಉಳಿಯಲಿಲ್ಲ. 1968ರಿಂದ 1971ರವರೆಗೆ ಎಲ್ಲರಿಗೂ ಮನೆತನದ ಹೆಸರು ಕೊಡುವ ಯೋಜನೆ ನಡೆಯಿತು. ವಾಯವ್ಯ ಪ್ರದೇಶದ ಶಾಸನಸಭೆಯಲ್ಲಿ ಕುಳಿತ ಮೊದಲ ಇನುಕ್ ಆದ ಏಬ್ ಓಕ್ಪಿಕ್ ಹಳ್ಳಿಯಿಂದ ಹಳ್ಳಿಗೆ ಹೋಗಿ, ಪ್ರತಿ ಕುಟುಂಬ ಆರಿಸಿಕೊಂಡ ಹೆಸರನ್ನು ಅವರ ನುಡಿಗೆ ತಕ್ಕಂತೆ ಬರೆದುಕೊಂಡ. ಕೆಲಸ ಮಾಡಿದವನು ತಮ್ಮವನೇ ಎಂಬ ಸಮಾಧಾನವಿತ್ತು. ಆದರೂ ಮನೆತನದ ಹೆಸರು ಎಂಬ ಕಲ್ಪನೆ ಹೊರಗಿನದಾಗಿತ್ತು, ಮತ್ತು ಗಂಡನ ಹೆಸರು ಹೆಂಡತಿಗೆ, ತಂದೆಯ ಹೆಸರು ಮಕ್ಕಳಿಗೆ ಎಂಬ ಏರ್ಪಾಟು ಹೆಸರಿಗೂ ಹಿರಿಯರಿಗೂ ಇದ್ದ ಹಳೆಯ ನಂಟಿನ ಮೇಲೆ ಬಂದು ಕೂತಿತು.

ಈ ಹಿನ್ನೆಲೆ ಗೊತ್ತಾದ ಮೇಲೆ ‘ಎಸ್ಕಿಮೊ’ ಏಕೆ ನೋಯಿಸುತ್ತದೆ ಎಂಬುದು ಒಗಟಾಗಿ ಉಳಿಯುವುದಿಲ್ಲ. ಜರ್ಮನನನ್ನು ‘ಮೂಕ’ ಎಂದು ಕರೆದ ರಷ್ಯನ್ನನು ಅವನ ಕೊರಳಿಗೆ ಆ ಹೆಸರಿನ ಬಿಲ್ಲೆ ಕಟ್ಟಲಿಲ್ಲ. ಜರ್ಮನ್ ಮಗು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ ತನ್ನ ಹೆಸರಿನಿಂದಲೇ ಬೆಳೆಯಿತು. ರಷ್ಯನ್ ಪದ ಗಡಿಯಾಚೆ ಉಳಿಯಿತು. ಇನುಯಿಟ್ ಮಗುವಿಗೆ ಹೊರಹೆಸರೇ ಅಧಿಕೃತವಾಯಿತು, ಒಳಹೆಸರು ಮನೆಯೊಳಗೆ ಉಳಿಯಿತು. ಅನ್ನ, ಔಷಧ, ಭತ್ಯೆಗಳನ್ನು ಕೊಡುವ ಕೈಯೇ ಹೆಸರನ್ನೂ ಕೊಟ್ಟಾಗ ಅದನ್ನು ನಿರಾಕರಿಸುವ ದಾರಿ ಇರುವುದಿಲ್ಲ. ಪದದ ಹಳೆಯ ಅರ್ಥ ಬಲೆ ಹೆಣೆಯುವವರು ಎಂದು ವಿದ್ವಾಂಸರು ತೋರಿಸಿಕೊಟ್ಟರೂ ಈ ನೆನಪು ಅಳಿಯುವುದಿಲ್ಲ. ಒಂದು ಪದದ ಭಾರವನ್ನು ಅದರ ಹುಟ್ಟಿಗಿಂತ ಅದರ ಬಳಕೆಯೇ ಹೆಚ್ಚಾಗಿ ನಿರ್ಧರಿಸುತ್ತದೆ.

ಹಾಗಾಗಿ ಹೆಸರು ಬದಲಾದದ್ದೂ ರಾಜಕೀಯ ಸಂಘಟನೆಯ ಜೊತೆಯಲ್ಲೇ. 1971ರಲ್ಲಿ ಕೆನಡಾದ ಇನುಯಿಟ್ ಜನ ತಮ್ಮ ರಾಷ್ಟ್ರೀಯ ಸಂಘಟನೆಯನ್ನು ಒಳಹೆಸರಿನಿಂದಲೇ ಕಟ್ಟಿಕೊಂಡರು. 1977ರಲ್ಲಿ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ನವರು ಅಲಾಸ್ಕಾದ ಬ್ಯಾರೋದಲ್ಲಿ ಸೇರಿ ಇನುಯಿಟ್ ಧ್ರುವವಲಯ ಸಮ್ಮೇಳನವನ್ನು ಹುಟ್ಟುಹಾಕಿದರು. ಕೆನಡಾದ 1982ರ ಸಂವಿಧಾನ ಕಾಯ್ದೆ ದೇಶದ ಮೂಲನಿವಾಸಿಗಳನ್ನು ಹೆಸರಿಸುವಾಗ ‘ಇನುಯಿಟ್’ ಎಂದೇ ಬರೆಯಿತು. ಇಂಗ್ಲಿಷ್ ನಾವಿಕ ಫ್ರೋಬಿಷರ್‌ನ ಹೆಸರಿದ್ದ ಪಟ್ಟಣ 1987ರಲ್ಲಿ ‘ಇಕಾಲುಯಿಟ್’, ಅಂದರೆ ಮೀನು ತುಂಬಿದ ಜಾಗ, ಆಯಿತು. ಸಮ್ಮೇಳನ ಹುಟ್ಟಿದ ಬ್ಯಾರೋ ಊರು ಕೂಡ 2016ರಲ್ಲಿ ಜನಮತದಿಂದ ತನ್ನ ಹಳೆಯ ಹೆಸರಾದ ‘ಉತ್ಕಿಯಾಗ್ವಿಕ್’ಗೆ ಮರಳಿತು.

ಹೊರಹೆಸರನ್ನು ತೆಗೆದು ಒಳಹೆಸರನ್ನು ಇಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಅಲಾಸ್ಕಾದ ನೈರುತ್ಯದಲ್ಲೂ ಸೈಬೀರಿಯಾದಲ್ಲೂ ಇರುವ ಯುಪಿಕ್ ಜನರ ನುಡಿಯಲ್ಲಿ ‘ಇನುಯಿಟ್’ ಎಂಬ ಪದವೇ ಇಲ್ಲ. ಅವರ ‘ಯುಕ್’ ಎಂದರೆ ಮನುಷ್ಯ, ‘ಯುಪಿಕ್’ ಎಂದರೆ ನಿಜವಾದ ಮನುಷ್ಯ. ಸಮ್ಮೇಳನದ ಸನ್ನದು ಯುಪಿಕ್ ಜನರನ್ನೂ ‘ಇನುಯಿಟ್’ ಎಂಬ ಹೆಸರಿನಡಿ ಸೇರಿಸಿಕೊಂಡಿದೆ. ಆದರೆ ದಿನಬಳಕೆಯಲ್ಲಿ ಯುಪಿಕ್ ಮನುಷ್ಯನನ್ನು ಇನುಕ್ ಎಂದರೆ ಅವನಿಗೆ ಅದು ನೆರೆಯವರ ಹೆಸರು, ಅಂದರೆ ಮತ್ತೊಂದು ಹೊರಹೆಸರು. ಎರಡು ಬಳಗಗಳಿಗೂ ಸಲ್ಲುವ ಒಂದೇ ಪದ ಬೇಕೆಂದು ಅಲಾಸ್ಕಾದಲ್ಲಿ ‘ಎಸ್ಕಿಮೊ’ ಹೆಚ್ಚು ಕಾಲ ಉಳಿಯಲು ಇದೂ ಒಂದು ಕಾರಣ. ಗ್ರೀನ್‌ಲ್ಯಾಂಡಿನವರೂ ತಮ್ಮನ್ನು ಮೊದಲು ‘ಕಲಾಲ್ಲಿಟ್’ ಎಂದುಕೊಳ್ಳುತ್ತಾರೆ.

ಇನುಯಿಟ್ ಜನ ತಾವೇ ಬೇರೆಯವರಿಗೆ ಹೆಸರಿಡದೆ ಬಿಟ್ಟವರೂ ಅಲ್ಲ. ದಕ್ಷಿಣದ ಕಾಡಿನ ಜನರಿಗೆ ಅವರು ಇಟ್ಟ ‘ಇತ್ಕಿಲಿತ್’ ಎಂಬ ಹೆಸರಿಗೂ ತಲೆಯ ಸೀರಿಗೂ ನಂಟಿದೆ. ಈ ಹೆಸರು ಅಂತರರಾಷ್ಟ್ರೀಯ ವಿವಾದವಾಗದಿರುವುದಕ್ಕೆ ಕಾರಣ ಸರಳ: ಇನುಯಿಟ್ ಜನ ಎಂದೂ ಕಾಡಿನ ಜನರ ಗಣತಿ ಬರೆಯಲಿಲ್ಲ.

ಇದೇ ಅಳತೆಗೋಲು ಭಾರತದ ಈಶಾನ್ಯಕ್ಕೂ ಸಲ್ಲುತ್ತದೆ. ಅರುಣಾಚಲದ ಸಿಯಾಂಗ್ ಕಣಿವೆಯ ಜನರನ್ನು ಅಸ್ಸಾಮಿನ ಬಯಲಿನವರು ‘ಅಬೋರ್’ ಎನ್ನುತ್ತಿದ್ದರು. ಅದಕ್ಕೆ ಮಣಿಯದವರು, ಅಂಕೆಗೆ ಸಿಗದವರು ಎಂಬ ಅರ್ಥ. ಬ್ರಿಟಿಷರು ಅದನ್ನೇ ಕಡತಕ್ಕೆ ಏರಿಸಿದರು. 1911ರಲ್ಲಿ ನೋಯಲ್ ವಿಲಿಯಮ್ಸನ್ ಎಂಬ ಅಧಿಕಾರಿ ಕೊಮ್ಸಿಂಗ್ ಗ್ರಾಮದಲ್ಲಿ ಕೊಲೆಯಾದ ಮೇಲೆ ನಡೆದ ದಂಡಯಾತ್ರೆಗೂ ‘ಅಬೋರ್’ ಎಂಬ ಹೆಸರೇ ಬಿತ್ತು. ಪಾದಮ್, ಮಿನ್ಯೋಂಗ್ ಮೊದಲಾದ ಆ ಬಳಗಗಳು ಸ್ವಾತಂತ್ರ್ಯಾನಂತರ ‘ಆದಿ’ ಎಂಬ ಹೆಸರನ್ನು ಒಪ್ಪಿಕೊಂಡವು. ಇದು ಸಂಸ್ಕೃತದ ‘ಮೊದಲು’ ಎಂಬ ಪದವಲ್ಲ. ಅವರ ನುಡಿಯಲ್ಲಿ ಬೆಟ್ಟ ಎಂದು ಅರ್ಥ. ಪಶ್ಚಿಮಕ್ಕಿರುವ ನ್ಯಿಶಿ ಜನರಿಗೆ ಬಯಲಿನವರು ಇಟ್ಟಿದ್ದ ಹೆಸರು ‘ದಫ್ಲಾ’. ಅದನ್ನು ಕಾಡುಜನ ಎಂಬ ತಿರಸ್ಕಾರವಾಗಿಯೇ ಅವರು ಕೇಳಿಸಿಕೊಂಡರು.

ಮಾತಿನಲ್ಲಿ ಈ ಹೆಸರುಗಳು ಬದಲಾದರೂ ಪಟ್ಟಿಯಲ್ಲಿ ಬದಲಾಗಲು ದಶಕಗಳು ಹಿಡಿದವು. ಪರಿಶಿಷ್ಟ ಪಂಗಡಗಳ ಪಟ್ಟಿಗೆ ಒಂದು ಹೆಸರನ್ನು ಸೇರಿಸುವ ಅಥವಾ ಅದರಿಂದ ತೆಗೆಯುವ ಅಧಿಕಾರ ಸಂವಿಧಾನದ 342ನೇ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ ಇದೆ. ಪಟ್ಟಿಯನ್ನು ಇದ್ದಂತೆಯೇ ಓದಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಪಟ್ಟಿಯಲ್ಲಿರುವ ಹೆಸರೇ ಪ್ರಮಾಣಪತ್ರಕ್ಕೆ ಆಧಾರ. ಒಬ್ಬ ನ್ಯಿಶಿ ವಿದ್ಯಾರ್ಥಿ ಮೀಸಲು ಸೀಟು ಪಡೆಯಲು ತನ್ನವರು ಬೈಗುಳವೆಂದು ಬಗೆದ ಹೆಸರನ್ನೇ ಆಸರೆ ಮಾಡಿಕೊಳ್ಳಬೇಕಿತ್ತು. 2008ರ ತಿದ್ದುಪಡಿಯಲ್ಲಿ ‘ದಫ್ಲಾ’ ಬದಲು ‘ನ್ಯಿಶಿ’ ಬಂತು. ‘ಆದಿ’ಯ ಜೊತೆಗೆ ಪಟ್ಟಿಯಲ್ಲಿ ಉಳಿದುಕೊಂಡಿದ್ದ ‘ಅಬೋರ್’ 2021ರ ತಿದ್ದುಪಡಿಯಲ್ಲಿ ಹೋಯಿತು. ಅದೇ ತಿದ್ದುಪಡಿ ‘ಯಾವುದೇ ನಾಗಾ ಪಂಗಡಗಳು’ ಎಂಬ ಸಾರಾಸಗಟು ನಮೂದನ್ನು ತೆಗೆದು ನೊಕ್ಟೆ, ತಾಂಗ್ಸಾ, ತುತ್ಸಾ, ವಾಂಚೋ ಎಂದು ಬಿಡಿಬಿಡಿಯಾಗಿ ಬರೆಯಿತು. ಯುಪಿಕ್ ಜನರ ತೊಡಕು ಇಲ್ಲಿಯೂ ಇದೆ: ಒಂದು ಕಾಲದಲ್ಲಿ ‘ಆದಿ’ ಎಂಬ ಹೆಸರಿನಡಿ ಎಣಿಸಲಾಗುತ್ತಿದ್ದ ಗಾಲೊ ಜನ ಈಗ ತಮ್ಮದು ಬೇರೆ ಹೆಸರು ಎನ್ನುತ್ತಾರೆ.

ಒಂದು ಹೊರಹೆಸರು ನೋವಿನದೋ ಅಲ್ಲವೋ ಎಂದು ತಿಳಿಯಲು ಪದದ ಮೂಲವನ್ನು ಕೆದಕುವುದಕ್ಕಿಂತ ಮೂರು ಸಂಗತಿಗಳನ್ನು ಕೇಳುವುದು ಉಪಯುಕ್ತ. ಆ ಹೆಸರನ್ನು ಬರೆದವರಿಗೆ ಆ ಜನರ ಮೇಲೆ ಅಧಿಕಾರವಿತ್ತೇ? ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಆ ಹೆಸರನ್ನು ಒಪ್ಪಿಕೊಂಡೇ ಬದುಕಬೇಕಾಗಿತ್ತೇ? ಬೇರೆಬೇರೆಯಾಗಿದ್ದ ಬಳಗಗಳನ್ನು ಅದು ಒಂದೇ ಚೀಲಕ್ಕೆ ತುಂಬಿತೇ? ಮೂರಕ್ಕೂ ‘ಇಲ್ಲ’ ಎಂದಾದರೆ ಹೆಸರಿನ ಅರ್ಥ ‘ಮೂಕ’ ಎಂದಿದ್ದರೂ ಅದು ಬರಿಯ ಪದವಾಗಿ ಉಳಿಯುತ್ತದೆ. ‘ಹೌದು’ ಎಂದಾದರೆ ಅರ್ಥ ‘ಬಲೆ ಹೆಣೆಯುವವರು’ ಎಂದಿದ್ದರೂ ಜನ ಅದನ್ನು ಬಿಡಿಸಿಕೊಳ್ಳಲು ನೋಡುತ್ತಾರೆ. ಬದಲಿಗೆ ಯಾವ ಹೆಸರು ಬರಬೇಕು ಎಂಬುದನ್ನು ಪ್ರತಿ ಬಳಗವನ್ನೂ ಬೇರೆಯಾಗಿ ಕೇಳಬೇಕಾಗುತ್ತದೆ; ಇನುಯಿಟ್ ಜನರ ಉತ್ತರ ಯುಪಿಕ್ ಜನರದ್ದಾಗಲಾರದು, ಆದಿ ಜನರದ್ದು ಗಾಲೊ ಜನರದ್ದಾಗಲಾರದು.